ಕಾಫಿ ಇಪ್ಪತ್ತರಲ್ಲೇ ನಿಂತದ್ದೇಕೆ?

2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಹಾಲು ತುಟ್ಟಿಯಾದರೆ ಹೋಟೆಲಿನ ದರಪಟ್ಟಿ ಹಾಗೇ ಉಳಿಯುವುದು ಕಷ್ಟ. ಒಂದು ದರ್ಶಿನಿಯನ್ನು ಕಲ್ಪಿಸಿಕೊಳ್ಳಿ. ಮಾಲೀಕರು ಕಾಫಿ, ಬಾದಾಮಿ ಹಾಲಿನಂಥ ಪಾನೀಯಗಳಿಗೆ ಶೇ. 12, ತಿಂಡಿಗೆ ಶೇ. 8, ಊಟಕ್ಕೆ ಶೇ. 10 ಏರಿಸಲು ತೀರ್ಮಾನಿಸುತ್ತಾರೆ. ಚಿಲ್ಲರೆಯ ತಾಪತ್ರಯ ಬೇಡವೆಂದು ಪ್ರತಿ ದರವನ್ನೂ ಹತ್ತಿರದ ಐದಕ್ಕೆ ಹೊಂದಿಸುತ್ತಾರೆ.

ಕಂಪ್ಯೂಟರಿನ ಹಾಳೆಯಲ್ಲಿ ಹಳೆಯ ದರ B ಕಾಲಮ್ಮಿನಲ್ಲೂ ಆಯಾ ವಿಭಾಗದ ಶೇಕಡಾ C ಕಾಲಮ್ಮಿನಲ್ಲೂ ಇದ್ದರೆ, ಈ ಒಂದು ಸಾಲು ಸಾಕು:

```
=ROUND(B2*(1+C2/100)/5,0)*5
```

ಏರಿಸಿದ ದರವನ್ನು ಐದರಿಂದ ಭಾಗಿಸಿ, ಪೂರ್ಣಾಂಕ ಮಾಡಿ, ಮತ್ತೆ ಐದರಿಂದ ಗುಣಿಸುವುದಷ್ಟೇ ಇಲ್ಲಿನ ಕೆಲಸ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಾಗ ಪಟ್ಟಿ ಹೀಗೆ ಕಾಣುತ್ತದೆ:

| ಪದಾರ್ಥ | ಹಳೆಯ ದರ (ರೂ.) | ಲೆಕ್ಕದ ದರ (ರೂ.) | ಹೊಸ ದರ (ರೂ.) | ನಿಜವಾದ ಏರಿಕೆ |
|---|---|---|---|---|
| ಕಾಫಿ | 20 | 22.40 | 20 | ಇಲ್ಲ |
| ಬಾದಾಮಿ ಹಾಲು | 30 | 33.60 | 35 | ಶೇ. 16.7 |
| ಇಡ್ಲಿ | 40 | 43.20 | 45 | ಶೇ. 12.5 |
| ಮಸಾಲೆ ದೋಸೆ | 80 | 86.40 | 85 | ಶೇ. 6.25 |
| ಊಟ | 110 | 121 | 120 | ಶೇ. 9.1 |

ಕೊನೆಯ ಕಾಲಮ್ಮನ್ನು ನೋಡಿ. ಊಟದ ಏರಿಕೆ ಅಂದುಕೊಂಡದ್ದಕ್ಕೆ ಹತ್ತಿರವೇ ಇದೆ. ಆದರೆ ಒಂದೇ ವಿಭಾಗದ ಬಾದಾಮಿ ಹಾಲು ಜಿಗಿದಿದೆ, ಕಾಫಿ ಮಾತ್ರ ಅಲ್ಲಾಡಿಲ್ಲ. ಐದಕ್ಕೆ ಹೊಂದಿಸುವಾಗ ದರ ಹೆಚ್ಚೆಂದರೆ ಎರಡೂವರೆ ರೂಪಾಯಿ ಆಚೀಚೆಯಾಗುತ್ತದೆ. ನೂರಹತ್ತರ ಊಟಕ್ಕೆ ಅದು ಲೆಕ್ಕಕ್ಕಿಲ್ಲ. ಇಪ್ಪತ್ತರ ಕಾಫಿಗೆ ಎಂಟನೇ ಒಂದು ಪಾಲು. ಕಾಫಿಯ ಲೆಕ್ಕ 22.50 ಮುಟ್ಟಿದ್ದರೆ ದರ ಒಮ್ಮೆಲೇ 25 ಆಗುತ್ತಿತ್ತು. ಹತ್ತು ಪೈಸೆಯ ಕೊರತೆಯಿಂದ ಏರಿಕೆಯೇ ತಪ್ಪಿಹೋಯಿತು. ದಿನಕ್ಕೆ 500 ಲೋಟ ಹೋಗುವ ಕಡೆ, ಬರಬೇಕೆಂದುಕೊಂಡಿದ್ದ 1,200 ರೂಪಾಯಿಯಲ್ಲಿ ಒಂದು ಪೈಸೆಯೂ ಗಲ್ಲಾಕ್ಕೆ ಬರುವುದಿಲ್ಲ.

ಮುಂದಿನ ಸಲ ಈ ತಪ್ಪು ಇನ್ನಷ್ಟು ಬೆಳೆಯಬಹುದು. ಪಾನೀಯಗಳಿಗೆ ಮತ್ತೆ ಶೇ. 5 ಏರಿಸಬೇಕೆನ್ನಿ. ಬೋರ್ಡಿನ 20ರ ಮೇಲೆ ಲೆಕ್ಕ ಹಾಕಿದರೆ 21 ಬರುತ್ತದೆ, ಕಾಫಿ ಪುನಃ ಇಪ್ಪತ್ತಕ್ಕೇ ಇಳಿಯುತ್ತದೆ. ಕಾದಿಟ್ಟ 22.40ರ ಮೇಲೆ ಹಾಕಿದರೆ 23.52 ಬಂದು ದರ 25 ಆಗುತ್ತದೆ. ಇಡ್ಲಿಯದು ಇದಕ್ಕೆ ತದ್ವಿರುದ್ಧ. ತಿಂಡಿಗೆ ಮತ್ತೊಮ್ಮೆ ಶೇ. 8 ಏರಿಸಿದರೆ, ಬೋರ್ಡಿನ 45 ಐವತ್ತಕ್ಕೆ ಹಾರುತ್ತದೆ. 43.20ರಿಂದ ಹೊರಟರೆ ಲೆಕ್ಕ 46.66ಕ್ಕೆ ನಿಂತು, ದರ 45ರಲ್ಲೇ ಉಳಿಯುತ್ತದೆ. ಅಂದರೆ ಮೊದಲನೆಯದರಲ್ಲಿ ನಷ್ಟ ಮಾಲೀಕರಿಗೆ, ಎರಡನೆಯದರಲ್ಲಿ ಗಿರಾಕಿಗೆ.

ಆದ್ದರಿಂದ ಬೋರ್ಡಿಗೆ ಹೊಸ ದರ ಬರೆದ ಮೇಲೂ ಲೆಕ್ಕದ ದರದ ಕಾಲಮ್ಮನ್ನು ಅಳಿಸಬಾರದು. ಮುಂದಿನ ಏರಿಕೆ ಶುರುವಾಗಬೇಕಾದದ್ದು ಅಲ್ಲಿಂದಲೇ.