ಭಾವಚಿತ್ರ ಹೇಳುವ ವಯಸ್ಸು

ವರನ ಭಾವಚಿತ್ರವು ಕನ್ಯೆಯ ಮನೆಗೆ ಬಂದೊಡನೆ ಹಿರಿಯರು ಮೊದಲು ಎಣಿಸುವುದು ವಯಸ್ಸನ್ನೇ. "ಮೂವತ್ತೆಂದು ಬರೆದಿದ್ದಾರೆ, ನಲವತ್ತು ದಾಟಿದವನಂತೆ ಕಾಣುತ್ತಾನೆ" ಎಂಬ ಒಂದೇ ಮಾತಿನಿಂದ ಒಳ್ಳೆಯ ಸಂಬಂಧಗಳು ತಪ್ಪಿಹೋದುದನ್ನು ನಾವು ಕಂಡಿದ್ದೇವೆ. ಮುಖದ ವಯಸ್ಸು ಹುಟ್ಟಿದ ದಿನದ ಲೆಕ್ಕವನ್ನೇ ಅನುಸರಿಸಬೇಕೆಂಬ ನಿಯಮವಿಲ್ಲ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ಚಿತ್ರವು ಇದಕ್ಕೆ ಉತ್ತಮ ನಿದರ್ಶನ.

ಅದು 28 ವರ್ಷಗಳ ಕಾಲ ಸರಕಿನ ಲಾರಿ ನಡೆಸಿದ 69 ವರ್ಷದ ಚಾಲಕನೊಬ್ಬನ ಮುಖ. ಬಲಗೆನ್ನೆ ಬಹುಮಟ್ಟಿಗೆ ನಯವಾಗಿದೆ. ಎಡಗೆನ್ನೆಯಾದರೋ ದಪ್ಪವಾಗಿ, ಆಳವಾದ ಸುಕ್ಕುಗಳಿಂದ ಜೋತುಬಿದ್ದಿದೆ. ಅರ್ಧ ಮುಖವನ್ನು ಕಾಗದದಿಂದ ಮುಚ್ಚಿ ನೋಡಿದರೆ ಒಬ್ಬನೇ ಮನುಷ್ಯ ಅಣ್ಣತಮ್ಮಂದಿರಂತೆ ತೋರುತ್ತಾನೆ. ಆ ದೇಶದಲ್ಲಿ ಚಾಲಕನ ಕಿಟಕಿ ಎಡಕ್ಕಿರುತ್ತದೆ. ಚರ್ಮವನ್ನು ಸುಡುವ ಕಿರಣಗಳನ್ನು ಗಾಜು ಬಹುಪಾಲು ತಡೆಯುತ್ತದೆ. ಇನ್ನೂ ಆಳಕ್ಕಿಳಿಯುವ ನೇರಳಾತೀತ ಕಿರಣಗಳನ್ನು ಒಳಗೆ ಬಿಡುತ್ತದೆ. ಇವು ಚರ್ಮವನ್ನು ಬಿಗಿಯಾಗಿಡುವ ನಾರುಗಳನ್ನು ನಿಧಾನವಾಗಿ ಕೆಡಿಸುತ್ತವೆ. ಉರಿಯಿಲ್ಲವಾದ್ದರಿಂದ ಎಚ್ಚರಿಕೆಯೂ ಇಲ್ಲ. ನಮ್ಮಲ್ಲಿ ಚಾಲಕನು ಬಲಬದಿಯಲ್ಲಿ ಕೂರುವುದರಿಂದ ನೋಡಬೇಕಾದುದು ಬಲಗೆನ್ನೆಯನ್ನು.

ಹೊಲದಲ್ಲಿ ದುಡಿಯುವವರ ಮುಖಕ್ಕೆ ಎರಡು ಬದಿಯೂ ಬಿಸಿಲೇ. ಆಗ ಗದ್ದದ ಕೆಳಗಿನ, ನೆರಳಿನಲ್ಲಿಯೇ ಉಳಿದ ಚರ್ಮವನ್ನು ಕೆನ್ನೆಯೊಡನೆ ಹೋಲಿಸಬೇಕು. ಅಲ್ಲಿ ನಯವಿದ್ದು ಕೆನ್ನೆ ಮಾತ್ರ ಒರಟಾಗಿದ್ದರೆ ಅದು ವಯಸ್ಸಿನದಲ್ಲ, ಬಿಸಿಲಿನ ಗುರುತು. ಕಪ್ಪು ಮೈಬಣ್ಣದವರಲ್ಲಿ ಸುಕ್ಕು ತಡವಾಗಿ ಬರುತ್ತದೆ. ಮೊದಲು ಕಾಣುವುದು ಕಲೆ ಮತ್ತು ಬಣ್ಣದ ಏರುಪೇರು. ನರೆಗೂದಲನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಅದು ಕೆಲವು ಮನೆತನಗಳಲ್ಲಿ ಇಪ್ಪತ್ತೈದಕ್ಕೇ ಇಣುಕುತ್ತದೆ, ಇನ್ನು ಬಣ್ಣದ ಡಬ್ಬಿಯಂತೂ ಎಲ್ಲ ಅಂಗಡಿಗಳಲ್ಲೂ ಉಂಟು. (ಹಣೆಯ ತುಂಬ ಧರಿಸಿದ ವಿಭೂತಿಯು ಅಲ್ಲಿನ ಗೆರೆಗಳನ್ನು ಮರೆಮಾಡುವುದೂ ಉಂಟು!)

ಚಿತ್ರ ತೆಗೆದ ಬೆಳಕೂ ವಯಸ್ಸನ್ನು ಕೂಡಿಸುತ್ತದೆ. ಮೂಗಿನ ಕೆಳಗಿನ ನೆರಳು ಕಡುವಾಗಿ ಮೇಲ್ದುಟಿಯ ಮೇಲೆ ಬಿದ್ದಿದ್ದರೆ ಬೆಳಕು ನೆತ್ತಿಯ ಕಡೆಯಿಂದ ಬಂದಿದೆಯೆಂದು ತಿಳಿಯಬೇಕು. ಕಣ್ಣಡಿಯ ಗುಳಿಗಳನ್ನು ಆಗ ಪೂರ್ಣವಾಗಿ ಲೆಕ್ಕಕ್ಕೆ ಹಿಡಿಯಬಾರದು. ಎದುರುಬೆಳಕು ಇದಕ್ಕೆ ವಿರುದ್ಧವಾಗಿ ಗೆರೆಗಳನ್ನು ಅಳಿಸುತ್ತದೆ. ಸ್ಟುಡಿಯೋದವರು ತಿದ್ದಿದ ಚಿತ್ರದಲ್ಲಿ ಮುಖ ನುಣುಪಾಗಿದ್ದರೂ ಕತ್ತು ಮತ್ತು ಕೈಬೆರಳುಗಳು ಹಾಗೆಯೇ ಉಳಿದಿರುವುದುಂಟು.

ಇಷ್ಟಾದರೂ ಒಬ್ಬರ ಕಣ್ಣಿನ ಅಂದಾಜು ಕೆಲವು ವರ್ಷ ತಪ್ಪುವುದು ಸಹಜ. ನೋಡುವವರು ಸಾಮಾನ್ಯವಾಗಿ ಎಳೆಯರಿಗೆ ಹೆಚ್ಚು, ವೃದ್ಧರಿಗೆ ಕಡಿಮೆ ಹೇಳುತ್ತಾರೆ. ನಾಲ್ಕಾರು ಜನ ಒಬ್ಬರಿಗೊಬ್ಬರು ತಿಳಿಸದೆ ಹೇಳಿದ ಸಂಖ್ಯೆಗಳ ಸರಾಸರಿ ಹೆಚ್ಚು ವಿಶ್ವಾಸಾರ್ಹ.

ಡೆನ್ಮಾರ್ಕಿನಲ್ಲಿ 70 ದಾಟಿದ 1,826 ಅವಳಿಗಳ ಭಾವಚಿತ್ರಗಳನ್ನು ಹೀಗೆಯೇ ಹಲವರಿಗೆ ತೋರಿಸಿ ವಯಸ್ಸು ಹೇಳಿಸಿದರು. ಒಂದೇ ಜೋಡಿಯಲ್ಲಿ ಹೆಚ್ಚು ಮುದಿಯಾಗಿ ಕಂಡವರೇ ಮೊದಲು ತೀರಿಕೊಳ್ಳುವ ಸಂಭವ ಹೆಚ್ಚೆಂದು 2009ರಲ್ಲಿ ಪ್ರಕಟವಾದ ಆ ಅಧ್ಯಯನವು ತೋರಿಸಿತು. ಅದು ಸಮೂಹದ ಸರಾಸರಿಯ ಮಾತು. ಒಂದು ಚಿತ್ರವನ್ನು ಹಿಡಿದು ಒಬ್ಬರ ಆಯುಸ್ಸನ್ನು ನುಡಿಯಲು ಅದರಿಂದ ಸಾಧ್ಯವಿಲ್ಲ.