ನೀರು ನಿಂತ ಗದ್ದೆಯಲ್ಲಿ ಸುಟ್ಟ ಭತ್ತ

ಸಿಂಧನೂರು, ಗಂಗಾವತಿ ಕಡೆ ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಕೆಲವು ವರ್ಷ ಈ ನೋಟ ಕಣ್ಣಿಗೆ ಬೀಳುತ್ತದೆ. ಗದ್ದೆಯಲ್ಲಿ ನೀರಿದೆ, ಸುತ್ತ ಕಡುಹಸಿರು ಪೈರಿದೆ. ನಡುವೆ ಚಾಪೆ ಹಾಸಿದಷ್ಟು ಜಾಗ ಮಾತ್ರ ಬೆಂಕಿ ತಗುಲಿದಂತೆ ಒಣಗಿ ನಿಂತಿದೆ. ಕೆಲವೇ ದಿನಗಳಲ್ಲಿ ಆ ಚಾಪೆ ಒಕ್ಕಣೆಯ ಕಣದಷ್ಟಾಗುತ್ತದೆ. ಇದು ಕಂದು ಜಿಗಿಹುಳುವಿನ ಕೆಲಸ. ಪಠ್ಯದಲ್ಲಿ ಇದಕ್ಕೆ ಹಾಪರ್ ಬರ್ನ್ ಎನ್ನುತ್ತಾರೆ.

ದುಂಡಾಣು ಅಂಗಮಾರಿ ಎಂದು ಇದನ್ನು ತಪ್ಪು ತಿಳಿಯುವವರುಂಟು. ಅಂಗಮಾರಿಯಲ್ಲಿ ಎಲೆ ತುದಿಯಿಂದಲೂ ಅಂಚಿನಿಂದಲೂ ಒಣಗುತ್ತಾ ಬರುತ್ತದೆ. ಇಲ್ಲಿ ಇಡೀ ಬುಡವೇ ವೃತ್ತಾಕಾರವಾಗಿ ಒಣಗುತ್ತದೆ. ಸಂಶಯವಿದ್ದರೆ ಕುಕ್ಕರಗಾಲಲ್ಲಿ ಕುಳಿತು ಪೈರು ಸರಿಸಿ ನೋಡಬೇಕು. ನೀರಿಗಿಂತ ತುಸು ಮೇಲೆ, ಅಕ್ಕಿಕಾಳಿಗಿಂತ ಚಿಕ್ಕ ಕಂದು ಹುಳುಗಳು ಗುಂಪುಗೂಡಿರುತ್ತವೆ. ಅವು ಕಳಚಿದ ಬಿಳಿ ಪೊರೆಗಳು ನೀರಿನ ಮೇಲೆ ತೇಲುತ್ತವೆ. ಬುಡ ಅಂಟಂಟಾಗಿ, ಅದರ ಮೇಲೆ ಕಪ್ಪು ಬೂಷ್ಟು ಹಿಡಿದಿರುತ್ತದೆ. ರಸ್ತೆಯಲ್ಲಿ ನಿಂತು ನೋಡಿದರೆ ಇದಾವುದೂ ಕಾಣುವುದಿಲ್ಲ.

ಹುಳು ತನ್ನ ಸೂಜಿಬಾಯಿಯನ್ನು ಎಲೆಕವಚಕ್ಕೆ ಚುಚ್ಚಿ, ಎಲೆ ತಯಾರಿಸಿದ ಆಹಾರವನ್ನು ಬೇರಿಗೆ ಒಯ್ಯುವ ನಾಳದಿಂದ ರಸ ಹೀರುತ್ತದೆ. ಚುಚ್ಚಿದಲ್ಲೆಲ್ಲ ಅದರ ಜೊಲ್ಲು ಗಟ್ಟಿಯಾಗಿ ನಾಳಕ್ಕೆ ಅಡ್ಡವಾಗುತ್ತದೆ. ನೂರಾರು ಹುಳು ಒಂದೇ ಬುಡದಲ್ಲಿ ಕುಳಿತರೆ ಬೇರಿಗೆ ಆಹಾರ ಇಳಿಯುವುದಿಲ್ಲ. ಬೇರು ಸೊರಗಿ, ಎಲೆ ಹಳದಿಯಾಗಿ, ಪೈರು ನೀರಿನಲ್ಲೇ ನಿಂತು ಒಣಗುತ್ತದೆ. ಹೀಗೆ ಸುಟ್ಟ ಬುಡವನ್ನು ಯಾವ ಔಷಧಿಯೂ ಎಬ್ಬಿಸಲಾರದು.

ಆ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಹುಳು ಬೆಳೆಯಲು ಬೇಕಾದ ಅಮೈನೋ ಆಮ್ಲ ಕಡಿಮೆ. ಅದಕ್ಕೇ ಹುಳು ಹೊಟ್ಟೆ ಬಿರಿಯ ಕುಡಿದು, ಹೆಚ್ಚಾದ ಸಕ್ಕರೆಯನ್ನು ಅಂಟುದ್ರವವಾಗಿ ಹೊರಹಾಕುತ್ತದೆ. ಯೂರಿಯಾ ಹೆಚ್ಚು ಸುರಿದ ಪೈರಿನಲ್ಲಿ ಈ ಕೊರತೆ ನೀಗುತ್ತದೆ. ಮರಿಗಳು ಹೆಚ್ಚು ಬದುಕುತ್ತವೆ, ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ. ಜೊತೆಗೆ ಪೈರು ದಟ್ಟವಾಗಿ ಬುಡದಲ್ಲಿ ನೆರಳೂ ತೇವವೂ ಸೇರುತ್ತವೆ. (ಈ ಮರಿಗಳಿಗೆ ನಮ್ಮ ಕೃಷಿ ಬರಹಗಳಲ್ಲಿ ‘ಅಪ್ಸರೆ’ ಎಂಬ ಹೆಸರಿದೆ. ಸುಟ್ಟ ಗದ್ದೆಯ ಒಡೆಯನ ಮುಂದೆ ಆ ಮಾತು ಆಡದಿರುವುದು ಲೇಸು.)

ಯೂರಿಯಾ ಹುಟ್ಟನ್ನು ಹೆಚ್ಚಿಸಿದರೆ, ಹೊತ್ತುಗೊತ್ತಿಲ್ಲದ ಔಷಧಿ ಸಾವನ್ನು ತಗ್ಗಿಸುತ್ತದೆ. ಕೇಳಲು ವಿಚಿತ್ರ, ಆದರೆ ಗುಟ್ಟು ಮೊಟ್ಟೆಯಲ್ಲಿದೆ. ಹೆಣ್ಣು ಮೊಟ್ಟೆಗಳನ್ನು ಎಲೆಕವಚದ ಒಳಗೇ ಹುದುಗಿಸುತ್ತದೆ. ಸಿಂಪಡಿಸಿದ ಔಷಧಿ ಅಲ್ಲಿಗೆ ತಲುಪುವುದು ಕಷ್ಟ. ಬುಡದಲ್ಲಿ ಓಡಾಡುವ ತೋಳಜೇಡಕ್ಕೆ, ಅಡಗಿದ ಮೊಟ್ಟೆಯನ್ನೂ ಹುಡುಕಿ ಹೀರುವ ಹಸಿರು ಮಿರಿಡ್ ತಿಗಣೆಗೆ ಅದು ನೇರವಾಗಿ ತಾಗುತ್ತದೆ. ಏಳೆಂಟು ದಿನಕ್ಕೆ ಮೊಟ್ಟೆ ಒಡೆದಾಗ ಮರಿಗಳಿಗೆ ಸಿಗುವುದು ಕಾವಲಿಲ್ಲದ ಗದ್ದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಹೆಣ್ಣು 200 ಮೊಟ್ಟೆ ಇಟ್ಟಿತು ಎನ್ನಿ. ಅದರಲ್ಲಿ 2 ಮಾತ್ರ ಬೆಳೆದು ದೊಡ್ಡವಾದರೆ ಒಂದು ಜೋಡಿಯ ಜಾಗಕ್ಕೆ ಮತ್ತೊಂದೇ ಜೋಡಿ ಬಂತು, ಸಂಖ್ಯೆ ಏರಲಿಲ್ಲ. ಜೇಡ, ತಿಗಣೆ ಸತ್ತು 10 ಬದುಕಿದವು ಎನ್ನಿ. ಆಗ ಒಂದು ಜೋಡಿ ಐದಾಗುತ್ತದೆ, ಐದು 25 ಆಗುತ್ತದೆ, ಮೂರನೆಯ ತಲೆಮಾರಿಗೆ 125. ಒಂದು ತಲೆಮಾರಿಗೆ ಹೆಚ್ಚುಕಡಿಮೆ ತಿಂಗಳು ಸಾಕು, ಭತ್ತವೋ ನಾಲ್ಕು ತಿಂಗಳು ಗದ್ದೆಯಲ್ಲಿರುತ್ತದೆ. ನೂರಕ್ಕೆ 99 ಸಾಯುವುದಕ್ಕೂ 95 ಸಾಯುವುದಕ್ಕೂ ಇರುವ ವ್ಯತ್ಯಾಸ ಇಷ್ಟು. ಇದು ಸಾಲದೆಂಬಂತೆ ಡೆಲ್ಟಾಮೆತ್ರಿನ್, ಮಿಥೈಲ್ ಪ್ಯಾರಾಥಿಯಾನ್‌ನಂಥ ಕೆಲವು ಔಷಧಿ ಸಾಯದಷ್ಟು ಪ್ರಮಾಣದಲ್ಲಿ ತಾಗಿದರೆ ಹುಳು ಇನ್ನೂ ಹೆಚ್ಚು ಮೊಟ್ಟೆ ಇಡುವುದೂ ಪ್ರಯೋಗಗಳಲ್ಲಿ ಕಂಡಿದೆ.

1970ರ ದಶಕದ ಕೊನೆಯಲ್ಲಿ ಪೀಟರ್ ಕೆನ್ಮೋರ್ ಫಿಲಿಪ್ಪೀನ್ಸ್‌ನ ಗದ್ದೆಗಳಲ್ಲಿ ಇದನ್ನೇ ಎಣಿಸಿ ತೋರಿಸಿದರು. ಸಿಂಪಡಿಸಿದ ತಾಕಿನಲ್ಲಿ ಹುಳು ಉಕ್ಕಿತು, ಸಿಂಪಡಿಸದ ತಾಕಿನಲ್ಲಿ ಜೇಡಗಳು ಅದನ್ನು ಹಿಡಿತದಲ್ಲಿಟ್ಟವು. ಈ ಅರಿವಿನ ದೊಡ್ಡ ಪರೀಕ್ಷೆ ನಡೆದದ್ದು ಇಂಡೋನೇಷ್ಯಾದಲ್ಲಿ. ಅಲ್ಲಿ ಸರ್ಕಾರವೇ ಸಹಾಯಧನ ಕೊಟ್ಟು ಔಷಧಿಯನ್ನು ಅಗ್ಗ ಮಾಡಿತ್ತು. 1985–86ರಲ್ಲಿ ಜಾವಾದ ಗದ್ದೆಗಳು ಮತ್ತೆ ಸುಡತೊಡಗಿದಾಗ, 1986ರ ನವೆಂಬರ್‌ನಲ್ಲಿ ಅಧ್ಯಕ್ಷ ಸುಹಾರ್ತೊ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿದರು. 1989ರ ಹೊತ್ತಿಗೆ ಸಹಾಯಧನವೂ ನಿಂತಿತು. ಭತ್ತದ ಇಳುವರಿ ಬೀಳಲಿಲ್ಲ.

ಹಾಗೆಂದು ಜೇಡ ಎಲ್ಲ ಕಾಲಕ್ಕೂ ಕಾಯುತ್ತದೆ ಎನ್ನಲಾಗದು. ಉದ್ದ ರೆಕ್ಕೆಯ ಹುಳು ಬೇರೆಡೆಯಿಂದ ಹಿಂಡಾಗಿ ಬಂದಿಳಿದರೆ ಅದು ಸೋಲುತ್ತದೆ. ಆಗ ನೀರು ಬಸಿದು, ಮರಿಗಳ ಪೊರೆ ಕಳಚುವಿಕೆಯನ್ನು ತಡೆಯುವ ಬುಪ್ರೊಫೆಜಿನ್‌ನಂಥದ್ದನ್ನು ಬುಡಕ್ಕೇ ತಾಗುವಂತೆ ಹೊಡೆಯಬೇಕು. ದೊಡ್ಡ ಹುಳು ಇದರಿಂದ ತಕ್ಷಣ ಸಾಯುವುದಿಲ್ಲ, ಮರುದಿನವೇ ಗದ್ದೆಗೆ ಬಂದು ಅಂಗಡಿಯವನನ್ನು ಬೈಯುವುದು ಬೇಡ. ಹೊಡೆಯುವ ಹೊತ್ತು ಬಂತೇ ಎಂದು ತಿಳಿಯಲು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಒಂದು ಸರಳ ಅಳತೆಯಿದೆ. ಜೇಡ ಕಾಣದಿದ್ದರೆ ತೆಂಡೆಗೆ ಒಂದು ಹುಳು ಇದ್ದಾಗಲೇ ಕ್ರಮ ಕೈಗೊಳ್ಳಬೇಕು. ಬುಡಕ್ಕೊಂದು ಜೇಡವಿದ್ದರೆ ತೆಂಡೆಗೆ ಎರಡು ಹುಳುವಾಗುವ ತನಕ ಕಾಯಬಹುದು.