ಇಂಬಳಕ್ಕೆ ಸಂದು ಬಿಡದ ಉಡುಪು

ಮಳೆಗಾಲದ ಕಾಡಿನಲ್ಲಿ ಇಂಬಳ ಮರದಿಂದ ಉದುರಿ ಮೈಮೇಲೆ ಬೀಳುತ್ತದೆ ಎಂದು ಚಾರಣಕ್ಕೆ ಹೊಸಬರು ಹೆದರುವುದುಂಟು. ಪಶ್ಚಿಮಘಟ್ಟದ ಇಂಬಳ ಬಹುಪಾಲು ಹತ್ತುವುದು ನೆಲದಿಂದ, ಇಲ್ಲವೇ ಮೊಣಕಾಲೆತ್ತರದ ಹುಲ್ಲು ಪೊದೆಗಳಿಂದ. ತರಗೆಲೆಯ ಅಡಿಯಲ್ಲಿದ್ದ ಹುಳು ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಸುಳಿವು ಹಿಡಿದು ಬಾಗುತ್ತ ಚಾಚುತ್ತ ಬಂದು ಶೂ ಹಿಡಿಯುತ್ತದೆ. ಹಿಡಿದ ಮೇಲೆ ಅದು ಮೇಲಕ್ಕೇ ಹತ್ತುತ್ತ ಹೋಗುತ್ತದೆ, ದಾರಿಯಲ್ಲಿ ಸಿಕ್ಕ ಸಂದನ್ನೆಲ್ಲ ಹುಡುಕುತ್ತದೆ. ಹಸಿದ ಇಂಬಳ ದಾರದಷ್ಟು ಸಪೂರವಾಗಬಲ್ಲದು. ಆದ್ದರಿಂದ ನಾವು ಯೋಚಿಸಬೇಕಾದದ್ದು ಬಟ್ಟೆ ಎಷ್ಟು ದಪ್ಪ ಎಂಬುದನ್ನಲ್ಲ, ಸಂದು ಎಲ್ಲೆಲ್ಲಿ ಉಳಿದಿದೆ ಎಂಬುದನ್ನು.

ಮಾಮೂಲಿ ಕಾಲುಚೀಲ ಇಲ್ಲಿ ಸೋಲುತ್ತದೆ. ಅದು ನೇಯ್ದದ್ದಲ್ಲ, ಹೆಣೆದದ್ದು. ಕಾಲಿಗೆ ಎಳೆದುಕೊಂಡಾಗ ಅದರ ಕಣ್ಣುಗಳು ಅಗಲವಾಗುತ್ತವೆ, ಇಂಬಳ ಅಲ್ಲೇ ಬಾಯಿ ಇಡುತ್ತದೆ. ಮೈಗಂಟುವ ಲೆಗಿಂಗ್ಸ್‌ಗೂ ಇದೇ ತೊಂದರೆ. ಲೀಚ್ ಸಾಕ್ಸ್ ಎಂದು ಮಾರುವುದು ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದ, ಪಾದದಿಂದ ಮೊಣಕಾಲಿನ ತನಕ ಬರುವ ಸಡಿಲ ಚೀಲ. ಮೇಲ್ತುದಿಯಲ್ಲಿ ಒಂದು ಲಾಡಿ ಇರುತ್ತದೆ. ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಸಾಲಾಗಿ ಕಂಡರೆ ಬೇರೆ ಜೊತೆ ನೋಡುವುದು ಒಳ್ಳೆಯದು. ಹತ್ತಿಯದಾದರೆ ಒಂದು ಅನುಕೂಲವಿದೆ: ನೆನೆದಾಗ ನೂಲು ಉಬ್ಬಿ ನೇಯ್ಗೆ ಇನ್ನಷ್ಟು ಬಿಗಿಯುತ್ತದೆ. ಬಣ್ಣ ಬಿಳಿಯೋ ತಿಳಿ ಕಂದೋ ಇರಲಿ, ಹತ್ತುವ ಹುಳು ಕಣ್ಣಿಗೆ ಬೀಳಬೇಕು.

ತೊಡುವ ಕ್ರಮದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಮೊದಲು ಮಾಮೂಲಿ ಕಾಲುಚೀಲ, ಆಮೇಲೆ ಪ್ಯಾಂಟ್. ಅದರ ಅಂಚನ್ನು ಕಣಕಾಲಿಗೆ ಮಡಿಸಿ ಸುತ್ತಿ ಮೇಲಿನಿಂದ ಲೀಚ್ ಸಾಕ್ಸ್ ಏರಿಸಬೇಕು, ಕೊನೆಗೆ ಶೂ. ಲಾಡಿಯನ್ನು ಮೊಣಕಾಲಿನ ಕೆಳಗೆ, ಒಂದು ಬೆರಳು ತೂರುವಷ್ಟು ಬಿಗಿಯಾಗಿ ಕಟ್ಟಿದರೆ ಸಾಕು. ಪ್ಯಾಂಟನ್ನು ಹೊರಗೆ ಇಳಿಬಿಟ್ಟರೆ ಶೂನಿಂದ ಹೊರಟ ಇಂಬಳ ಪ್ಯಾಂಟಿನ ಒಳಗೆ, ಸಾಕ್ಸಿನ ಮೇಲೆ ಹತ್ತಿ ಯಾರಿಗೂ ಕಾಣದೆ ತೊಡೆ ಸೇರುತ್ತದೆ. ಸರಿಯಾಗಿ ತೊಟ್ಟರೂ ಅದು ಹತ್ತುವುದನ್ನು ನಿಲ್ಲಿಸುವುದಿಲ್ಲ, ಹೊರಮೈಯಲ್ಲಿ ಹತ್ತುತ್ತದೆ ಅಷ್ಟೆ. ಅದನ್ನು ಕಂಡು ಕೀಳಲು ನಮಗೆ ಸಿಗುವ ಸಮಯವೇ ಈ ಸಾಕ್ಸಿನ ನಿಜವಾದ ಲಾಭ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳಬೇಕಾದದ್ದೂ ಇದೇ ಕಾರಣಕ್ಕೆ. ಸೊಂಟವೇ ಅದಕ್ಕೆ ಸಿಗುವ ಮುಂದಿನ ಸಂದು.

ಹಾಗಾದರೆ ಗೇಟರ್? ಶೂ ಮೇಲಿಂದ ಮೊಣಕಾಲಿನ ತನಕ ಸುತ್ತುವ, ಅಡಿಯಲ್ಲಿ ಪಟ್ಟಿ ಇರುವ ಈ ನೈಲಾನ್ ಹೊದಿಕೆ ಹಿಮ, ಕೆಸರು, ಜಲ್ಲಿಕಲ್ಲನ್ನು ತಡೆಯಲು ಹುಟ್ಟಿದ್ದು. ಶೂಗೂ ಅದಕ್ಕೂ ನಡುವೆ ಕೆಳಗೆ ಜಾಗ ಉಳಿದೇ ಉಳಿಯುತ್ತದೆ. ಇಂಬಳ ಅಲ್ಲಿ ನುಗ್ಗಿ ಲೇಸಿನ ತೂತು, ಶೂ ನಾಲಿಗೆಯ ಪಕ್ಕದಿಂದ ಒಳಗಿಳಿಯುತ್ತದೆ. ಒಳಗೆ ಹೋದ ಮೇಲೆ ಗೇಟರೇ ಅದಕ್ಕೆ ಮರೆ. ನನ್ನ ಅಭಿಪ್ರಾಯದಲ್ಲಿ ಗೇಟರನ್ನು ಲೀಚ್ ಸಾಕ್ಸಿಗೆ ಬದಲಿಯಾಗಿ ಎಂದೂ ಕೊಳ್ಳಬಾರದು. ಮುಳ್ಳು, ಅಂಚು ಕೊಯ್ಯುವ ಹುಲ್ಲು ಇರುವಲ್ಲಿ ಸಾಕ್ಸಿನ ಮೇಲೆ ಹಾಕಿಕೊಳ್ಳಬಹುದು. ಮಾಮೂಲಿ ಗೇಟರ್ ಹಾವಿನ ಕಡಿತ ತಡೆಯುತ್ತದೆಂಬ ನಂಬಿಕೆಯಂತೂ ಬೇಡ.

ಕುದುರೆಮುಖದ ದಾರಿಯನ್ನೇ ತೆಗೆದುಕೊಳ್ಳಿ. ಮುಳ್ಳೋಡಿಯಿಂದ ಹೊರಟರೆ ಹೋಗಿಬರಲು ಸುಮಾರು 20 ಕಿಲೋಮೀಟರ್. ನಡುವೆ ಹಳ್ಳಗಳನ್ನು ದಾಟಬೇಕು, ಶೋಲಾ ಕಾಡು ಹೊಕ್ಕು ಹೊರಬರಬೇಕು, ಉಳಿದದ್ದು ಗಾಳಿ ಬೀಸುವ ಹುಲ್ಲುಗುಡ್ಡ. ಮೊದಲ ಹಳ್ಳದಲ್ಲೇ ಶೂ ತುಂಬುತ್ತದೆ. ಇಲ್ಲಿ ಜೀನ್ಸ್ ತೊಟ್ಟವರ ಪಾಡು ಕಷ್ಟ. ನೀರು ಹೀರಿದ ಡೆನಿಮ್ ಭಾರವಾಗಿ, ಏರಿನಲ್ಲಿ ಮೊಣಕಾಲು ಹಿಡಿದು, ತೊಡೆಸಂದಿಯನ್ನು ಉಜ್ಜುತ್ತದೆ, ಸಂಜೆಯಾದರೂ ಆರುವುದಿಲ್ಲ. ನೀರಿಳಿಯದ ಮಳೆಪ್ಯಾಂಟ್ ಹಾಕಿದರೆ ಏರಿನ ಬೆವರೇ ಒಳಗಿನಿಂದ ನೆನೆಸುತ್ತದೆ. ತೆಳ್ಳಗೆ ಆದರೆ ಒತ್ತಾಗಿ ನೇಯ್ದ, ಸಡಿಲವಾದ ನೈಲಾನ್ ಅಥವಾ ಪಾಲಿಯೆಸ್ಟರ್ ಪ್ಯಾಂಟ್ ನೆನೆಯುತ್ತದೆ ನಿಜ, ಆದರೆ ಹುಲ್ಲುಗುಡ್ಡದ ಗಾಳಿಗೆ ಬೇಗ ಆರುತ್ತದೆ. ಶೋಲಾದೊಳಗೆ ನಿಲ್ಲದೆ ನಡೆದು, ಹೊರಗಿನ ಬಂಡೆಯ ಮೇಲೆ ನಿಂತು ಒಬ್ಬರ ಕಾಲನ್ನೊಬ್ಬರು ನೋಡಿಕೊಳ್ಳುವುದು ಒಳ್ಳೆಯ ರೂಢಿ.

ಸಾಕ್ಸಿಗೆ ಉಪ್ಪು, ತಂಬಾಕು ಸವರುವವರಿದ್ದಾರೆ. ಎರಡೂ ಮಳೆಗೆ, ಹಳ್ಳಕ್ಕೆ ತೊಳೆದುಹೋಗುತ್ತವೆ. ತೊಳೆದುಹೋದದ್ದು ಸೇರುವುದು ಚರ್ಮದಿಂದಲೇ ನೀರು ಹೀರುವ ಕಪ್ಪೆಗಳಿರುವ ನೀರಿಗೆ. ಒದ್ದೆ ಚರ್ಮದ ಮೂಲಕ ತಂಬಾಕಿನ ನಿಕೋಟಿನ್ ನಮ್ಮ ಮೈಗೂ ಇಳಿದು ತಲೆಸುತ್ತು, ವಾಕರಿಕೆ ತರಬಲ್ಲದು. ಕಚ್ಚಿದ ಇಂಬಳವನ್ನು ಬಿಡಿಸಲು ಉಗುರು ಸಾಕು. ಸಪೂರ ತುದಿಯ ಕಡೆ ಬಾಯಿರುತ್ತದೆ, ಅದರಡಿಗೆ ಉಗುರು ಜಾರಿಸಿ, ಆಮೇಲೆ ಇನ್ನೊಂದು ತುದಿ ಬಿಡಿಸಿದರಾಯಿತು. ರಕ್ತ ಹೆಪ್ಪುಗಟ್ಟದಂತೆ ಅದರ ಜೊಲ್ಲು ತಡೆಯುವುದರಿಂದ ಗಾಯ ಬಹಳ ಹೊತ್ತು ಒಸರಬಹುದು. ತೊಳೆದು, ಬಟ್ಟೆ ಒತ್ತಿ ಹಿಡಿಯಬೇಕು.

ಮನೆಗೆ ಬಂದ ಮೇಲೆ ಸಾಕ್ಸನ್ನು ಒಳಮೈ ಹೊರಮಾಡಿ ಒಗೆದು ಒಣಗಿಸಿ, ಬೆರಳುಗಳ ಬಳಿಯ ಮತ್ತು ಹಿಮ್ಮಡಿಯ ಹೊಲಿಗೆಯನ್ನು ನೋಡಿ. ಶೂ ಉಜ್ಜುವುದರಿಂದ ದಾರ ಬಿಡುವುದು ಅಲ್ಲೇ. ಎರಡು ಹೊಲಿಗೆ ಬಿಟ್ಟಿದ್ದರೂ ಮುಂದಿನ ನಡಿಗೆಗೆ ಮುಂಚೆ ದರ್ಜಿಯ ಹತ್ತಿರ ಒಯ್ಯಿರಿ.